ಕಿಟ್ಟೆಲ್ ಡಿಕ್ಷನರಿ, 1894ರ ಮೊದಲ ಮುದ್ರಣ, ಮರುಬೈಂಡ್ ಆಗಿದೆ, ಒಂದು ಹಾಳೆ ಇಲ್ಲ, ಒಳಗಿದ್ದ 63 ಚೀಟಿಗಳ ಸಮೇತ

ಪುಸ್ತಕ: ಎ ಕನ್ನಡ-ಇಂಗ್ಲಿಷ್ ಡಿಕ್ಷನರಿ, ರೆವರೆಂಡ್ ಎಫ್. ಕಿಟ್ಟೆಲ್
ಪ್ರಕಾಶನ: ಬಾಸೆಲ್ ಮಿಷನ್ ಬುಕ್ ಅಂಡ್ ಟ್ರ್ಯಾಕ್ಟ್ ಡಿಪಾಸಿಟರಿ, ಮಂಗಳೂರು, 1894
ಭಾಷೆ: ಪದಗಳು ಕನ್ನಡ ಲಿಪಿಯಲ್ಲಿ, ಪಕ್ಕದಲ್ಲಿ ರೋಮನ್ ಅಕ್ಷರ, ಅರ್ಥ ಇಂಗ್ಲಿಷಲ್ಲಿ
ಪುಟ: ಮುನ್ನುಡಿ ಬಿಟ್ಟು 1752, ಒಂದೇ ಸಂಪುಟ
ಬೈಂಡಿಂಗ್: ಆಮೇಲೆ ಮಾಡಿಸಿದ್ದು, ಬೆನ್ನು ಮತ್ತೆ ಮೂಲೆಗೆ ಚರ್ಮ, ಉಳಿದಿದ್ದು ಕ್ಯಾಲಿಕೋ
ಕಂಡೀಶನ್: ಓದೋಕೆ ಗಟ್ಟಿ, ಷೋಕೇಸಿಗೆ ಅಲ್ಲ

ಮೊದಲೇ ಹೇಳಿಬಿಡ್ತೀನಿ, ಇದು ಪರ್ಫೆಕ್ಟ್ ಪ್ರತಿ ಅಲ್ಲ. ಹಾಳೆ ಎಣಿಸಿ ಎಲ್ಲಾ ಸರಿ ಇದ್ರೆ ಮಾತ್ರ ತಗೊಳ್ಳೋರು ಇದನ್ನ ಇಲ್ಲಿಗೇ ಬಿಟ್ಟುಬಿಡಿ, ಬೇಜಾರಿಲ್ಲ. 'ಬ' ಅಕ್ಷರದ ಭಾಗದಲ್ಲಿ ಒಂದು ಹಾಳೆ ಇಲ್ಲ, ಅಂದ್ರೆ ಹಿಂದೆ ಮುಂದೆ ಸೇರಿ ಎರಡು ಪುಟ, ಯಾವ ಪುಟ ಅನ್ನೋದು ನಾಲ್ಕನೇ ಫೋಟೋದಲ್ಲಿ ಕಾಣುತ್ತೆ. ಆದ್ರೆ ಹಿಂದಿನ ಓನರ್ ಸುಮ್ನೆ ಬಿಟ್ಟಿಲ್ಲ ಮಾರಾಯ್ರೇ, ಇನ್ನೊಂದು ಪ್ರತಿ ಎಲ್ಲೋ ಹುಡುಕಿ ಆ ಎರಡು ಪುಟಾನೂ ಕೈಯಲ್ಲೇ ನಕಲು ಮಾಡಿ, ಲೆಕ್ಕದ ಪುಸ್ತಕದ ಉದ್ದ ಹಾಳೆ ಇದ್ಯಲ್ಲ ಅದರ ಮೇಲೆ, ನೀಲಿ ಇಂಕಲ್ಲಿ ಕನ್ನಡ ಪದ, ಕಪ್ಪು ಇಂಕಲ್ಲಿ ಇಂಗ್ಲಿಷ್ ಅರ್ಥ ಬರೆದು, ಅದೇ ಜಾಗಕ್ಕೆ ಅಂಟಿಸಿದ್ದಾರೆ. ಅಚ್ಚಿನಲ್ಲಿ ಎರಡು ಕಾಲಂ ಇದ್ದ ಹಾಗೇ ಇವರೂ ಮಧ್ಯ ಗೆರೆ ಎಳೆದು ಎರಡು ಕಾಲಂ ಮಾಡಿದ್ದಾರೆ. ಕೊನೇಲಿ ಜಾಗ ಸಾಲದೆ ಅಕ್ಷರ ಸಣ್ಣ ಆಗ್ತಾ ಆಗ್ತಾ ಕೊನೆ ಎರಡು ಸಾಲು ಅಂಚಲ್ಲಿ ಮೇಲಕ್ಕೆ ಹತ್ತಿಬಿಟ್ಟಿದೆ. ನಾನು ಸ್ಕ್ಯಾನ್ ಇಟ್ಕೊಂಡು ಹೋಲಿಸಿ ನೋಡ್ದೆ, ಒಂದು ಪದಾನೂ ಬಿಟ್ಟಿಲ್ಲ.

ಇನ್ನು ಇದು ನಿಜವಾಗ್ಲೂ 1894ರದ್ದೇ ಅಂತ ಹೇಗೆ ಗೊತ್ತು ಅಂತ ಕೇಳೋರು ಇದ್ದೇ ಇರ್ತಾರೆ, ಕೇಳಬೇಕು ಕೂಡ. ಕಿಟ್ಟೆಲ್ ಅಂತ ಹೇಳಿ ಮಾರೋದ್ರಲ್ಲಿ ತುಂಬಾ ಕಲಬೆರಕೆ ಇದೆ. ದಿಲ್ಲಿಯಲ್ಲಿ ಆದ ಫೋಟೋ ರಿಪ್ರಿಂಟ್ ಇದೆ, ಅದರ ಶೀರ್ಷಿಕೆ ಪುಟ ನೋಡಿ 1894 ಅಂತ ಹಾಕ್ಬಿಡ್ತಾರೆ. ಮದ್ರಾಸ್ ಯೂನಿವರ್ಸಿಟಿಯವರು ಮರಿಯಪ್ಪ ಭಟ್ಟರ ಕೈಯಲ್ಲಿ ಪರಿಷ್ಕರಿಸಿ ತಂದಿದ್ದು ನಾಲ್ಕು ಸಂಪುಟ, ಅದು ಬೇರೆ, ಕೆಲಸಕ್ಕೆ ಇದಕ್ಕಿಂತ ಒಳ್ಳೇದು ಅಂತ್ಲೂ ಹೇಳ್ಬಹುದು. ಇದೇ ಮಿಷನ್ನವರು 1899ರಲ್ಲಿ ತಂದ ಬ್ಯೂಕರ್ ಅವರ ಸ್ಕೂಲ್ ಡಿಕ್ಷನರಿ ಇದೆ, ಕಿಟ್ಟೆಲ್ ಕೆಲಸದ ಮೇಲೇ ಕಟ್ಟಿದ್ದು, ಚಿಕ್ಕದು, ಅದನ್ನೂ ಕಿಟ್ಟೆಲ್ ಅಂತ ಲಿಸ್ಟ್ ಮಾಡಿದ್ದು ನಾನೇ ನೋಡಿದೀನಿ. ನಮ್ಮ ಈ ಪ್ರತಿಲಿ ಯಾವ್ದೇ ಪುಟ ತಿರುಗಿಸಿ ಹಿಂಬದಿಗೆ ಬೆರಳಾಡಿಸಿದ್ರೆ ಮೊಳೆ ಒತ್ತಿದ ಗುರುತು ಕೈಗೆ ತಾಗುತ್ತೆ, ಫೋಟೋ ರಿಪ್ರಿಂಟಲ್ಲಿ ಅದು ಇರಲ್ಲ, ಕಾಗದ ನುಣ್ಣಗಿರುತ್ತೆ. ಓರೆಯಾಗಿ ಟಾರ್ಚ್ ಬಿಟ್ಟು ತೆಗೆದ ಫೋಟೋ ಹಾಕಿದೀನಿ, ಆರನೇದು, ಜೂಮ್ ಮಾಡಿ ನೋಡಿ. ಜೊತೆಗೆ ೞ, ಱ ಅಕ್ಷರಗಳ ಮೊಳೆ ಎಷ್ಟು ಚೂಪಾಗಿ ಬಿದ್ದಿದೆ ಅಂದ್ರೆ ಸ್ಕ್ಯಾನಲ್ಲಿ ಕಲಸಿಹೋಗಿರೋದೆಲ್ಲ ಇಲ್ಲಿ ಬಿಡಿಸಿಟ್ಟ ಹಾಗೆ ಓದಬಹುದು.

ಗೊತ್ತಿಲ್ದೋರಿಗೆ ಎರಡು ಮಾತು. ಸುಮಾರು 70 ಸಾವಿರ ಪದ ಇದರಲ್ಲಿ ಅಂತ ಲೆಕ್ಕ. ಬರೀ ಅರ್ಥ ಕೊಟ್ಟು ಮುಗಿಸಲ್ಲ, ಹಳೇ ಕಾವ್ಯದಿಂದ ಉದಾಹರಣೆ, ಜನ ಆಡೋ ಗಾದೆ, ತಮಿಳು ತೆಲುಗು ಮಲಯಾಳಂ ತುಳುಲಿ ಅದೇ ಪದ ಹೇಗಿದೆ ಅನ್ನೋದು ಎಲ್ಲಾ ಇರುತ್ತೆ. ಶಬ್ದಮಣಿದರ್ಪಣಾನ 1872ರಲ್ಲಿ ಅಚ್ಚು ಹಾಕಿಸಿದೋರೂ ಇವರೇ, ಹಾಗಾಗಿ ಅದರ ಉಲ್ಲೇಖ ಪುಟಪುಟಕ್ಕೂ ಬರುತ್ತೆ. ಡಿಕ್ಷನರಿ ಅಂತ ತೆಗೆದು ಅರ್ಧ ಗಂಟೆ ಓದ್ತಾ ಕೂರೋ ಥರದ್ದು. ನಾನು ಈ ಪೋಸ್ಟ್ ಬರೆಯೋಕೆ ನಾಲ್ಕು ದಿನ ತಗೊಂಡಿದ್ದಕ್ಕೆ ಅದೇ ಕಾರಣ.

ಬೈಂಡಿಂಗ್ ವಿಷ್ಯ. ಮೂಲ ರಟ್ಟು ಹೋಗಿದೆ, ಅದ್ರಲ್ಲಿ ಮುಚ್ಚುಮರೆ ಇಲ್ಲ. ಮರುಬೈಂಡ್ ಮಾಡಿದವನು ಹೊಲಿಗೆ ಚೆನ್ನಾಗಿ ಹಾಕಿದ್ದಾನೆ, ಫಾರಂ ಯಾವ್ದೂ ಸಡಿಲ ಇಲ್ಲ, ಮಧ್ಯಕ್ಕೆ ತೆಗೆದು ಮೇಜಿನ ಮೇಲಿಟ್ರೆ ಪೂರ್ತಿ ಬಿಚ್ಕೊಂಡು ಮಲಗುತ್ತೆ. ಆದ್ರೆ ಕಟಿಂಗ್ ಮಾಡೋವಾಗ ಸ್ವಲ್ಪ ಜಾಸ್ತಿನೇ ಕೈ ಬಿಟ್ಟಿದ್ದಾನೆ, ಮೇಲಿನ ಅಂಚು ಕಮ್ಮಿ ಆಗಿದೆ, ಅಚ್ಚಾದ ಅಕ್ಷರ ಎಲ್ಲೂ ಕಟ್ ಆಗಿಲ್ಲ ಆದ್ರೆ ಅಂಚಲ್ಲಿ ಪೆನ್ಸಿಲಲ್ಲಿ ಬರೆದಿದ್ದ ಕೆಲವು ಟಿಪ್ಪಣಿಗಳ ತಲೆ ಹಾರಿದೆ. ಇದರಿಂದ ಒಂದು ಗೊತ್ತಾಗುತ್ತೆ, ಆ ಟಿಪ್ಪಣಿಗಳು ಬೈಂಡಿಂಗಿಗಿಂತ ಹಳೇವು. ಬೆನ್ನಿನ ಚರ್ಮ ಒಣಗಿ ಪುಡಿ ಉದುರುತ್ತೆ, ಕೈಗೆ ಕೆಂಪು ಹತ್ತುತ್ತೆ, ಬಿಳಿ ಬಟ್ಟೆ ಹಾಕ್ಕೊಂಡು ತೊಡೆ ಮೇಲಿಟ್ಕೊಂಡು ಓದ್ಬೇಡಿ, ನನ್ನ ಅನುಭವ. ಕೆಳಗಿನ ಬಲ ಮೂಲೆ ಜಜ್ಜಿದೆ. ಬೆನ್ನಿನ ಮೇಲೆ ಚಿನ್ನದ ಅಕ್ಷರದಲ್ಲಿ ಬರೀ 'ಕಿಟ್ಟೆಲ್' ಅಂತಿದೆ, ಅದೂ 'ಟ್ಟೆ' ಅರ್ಧ ಅಳಿಸಿದೆ.

ಕಾಗದ ಒಟ್ಟಾರೆ ಬಿಸ್ಕತ್ತಿನ ಬಣ್ಣ, ಅಂಚಿಗೆ ಹೋದ ಹಾಗೆ ಕಂದು, ಆದ್ರೆ ಮಡಿಸಿದ್ರೆ ಮುರಿಯೋ ಸ್ಟೇಜಿಗೆ ಬಂದಿಲ್ಲ. ಮುನ್ನುಡಿಯ ಮೊದಲ ಕೆಲವು ಹಾಳೆಗೆ ಹುಳ ಬಿದ್ದಿತ್ತು, ಸೂಜಿ ತೂತಿನ ಥರ ಒಂದೇ ಲೈನಲ್ಲಿ ಎಂಟು ಹಾಳೆ ದಾಟಿ ನಿಂತಿದೆ, ಈಗ ಜೀವಂತ ಹುಳ ಇಲ್ಲ, ಆರು ತಿಂಗಳಿಂದ ಬೇರೆ ಪುಸ್ತಕದಿಂದ ದೂರ ಇಟ್ಟು ನೋಡಿದೀನಿ. ಹಿಂದಿನ ಕಡೆ ಕೊನೆ ಮೂವತ್ತು ಪುಟಕ್ಕೆ ನೀರಿನ ಕಲೆ, ಮೂಲೆಯಲ್ಲಿ ಮಾತ್ರ. ಬೂಸ್ಟಿನ ವಾಸನೆ ಇಲ್ಲ, ಹಳೇ ಪುಸ್ತಕದ ವಾಸನೆ ಇದೆ.

ಗುರುತುಗಳು: ಒಂದು ವಾಚನಾಲಯದ ಮೊಟ್ಟೆಯಾಕಾರದ ನೇರಳೆ ಸೀಲು ಮೂರು ಕಡೆ. ಮೂರರ ಮೇಲೂ ಕೆಂಪು ಇಂಕಲ್ಲಿ ಅಡ್ಡಗೆರೆ ಎಳೆದು 'ರದ್ದು' ಅಂತ ಬರೆದು ಚಿಕ್ಕ ಸಹಿ ಹಾಕಿದ್ದಾರೆ, ಅಂದ್ರೆ ಲೈಬ್ರರಿಯಿಂದ ಲಪಟಾಯಿಸಿದ್ದಲ್ಲ, ಅವರೇ ಪಟ್ಟಿಯಿಂದ ತೆಗೆದು ಕೊಟ್ಟಿದ್ದು. ಇದನ್ನ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ ರದ್ದು ಆಗದ ಸೀಲಿರೋ ಪುಸ್ತಕ ನಾನು ಕೈಯಲ್ಲೂ ಮುಟ್ಟಲ್ಲ, ನೀವೂ ತಗೋಬೇಡಿ. ಒಳರಟ್ಟಿನ ಮೇಲೆ ಹಿಂದಿನ ಓನರ್ ಹೆಸರು, 1956 ಅಂತ ಇಸವಿ. ಅವರು ಹಳ್ಳಿ ಸ್ಕೂಲಲ್ಲಿ ಮೇಷ್ಟ್ರಾಗಿದ್ದೋರು, ಹೆಸರು ಇಲ್ಲಿ ಹಾಕಲ್ಲ, ಫೋಟೋದಲ್ಲೂ ಮುಚ್ಚಿದೀನಿ, ತಗೊಂಡವರಿಗೆ ಹೇಗೂ ಕಾಣುತ್ತೆ. ಅವರ ಮಗಳೇ ನನಗೆ ಕೊಟ್ಟಿದ್ದು, ಮಾರೋಕೂ ಒಪ್ಪಿಗೆ ಕೊಟ್ಟಿದ್ದಾರೆ. ಗಾದೆ ಎಲ್ಲೆಲ್ಲಿ ಬರುತ್ತೋ ಅಲ್ಲೆಲ್ಲ ಮೇಷ್ಟ್ರು ಕೆಂಪು ಪೆನ್ಸಿಲಲ್ಲಿ ಅಡಿಗೆರೆ ಹಾಕಿದ್ದಾರೆ, ಸ್ಕೇಲ್ ಇಟ್ಟು. 'ಹ' ಬರೋ ಹೊತ್ತಿಗೆ ಸ್ಕೇಲ್ ಬಿಟ್ಟಿದ್ದಾರೆ.

ಈಗ ಚೀಟಿಗಳು. ನಾನು ಇದನ್ನ ತಗೊಂಡಿದ್ದೇ ಇವಕ್ಕೋಸ್ಕರ. ಒಟ್ಟು 63, ಕ್ಯಾಲೆಂಡರ್ ಹಾಳೆ ಹಿಂಬದಿ, ಪರೀಕ್ಷೆ ಪೇಪರಿನ ಉಳಿದ ಭಾಗ, ಅಂಗಡಿ ಚೀಟಿ, ಸಿಕ್ಕಿದ್ದರಲ್ಲಿ ಹರಿದು ಮಾಡಿದ್ದು. ಊರಲ್ಲಿ ಯಾರ ಬಾಯಲ್ಲಾದ್ರೂ ಹೊಸ ಪದ ಕೇಳಿದ್ರೆ ಬಂದು ಕಿಟ್ಟೆಲಲ್ಲಿ ಹುಡುಕೋದು, ಸಿಗದಿದ್ರೆ ಒಂದು ಚೀಟಿಲಿ ಪದ, ಯಾರು ಹೇಳಿದ್ದು, ಯಾವ ಸಂದರ್ಭ, ಕೆಳಗೆ 'ಇಲ್ಲ' ಅಂತ ಬರೆದು ಆ ಪದ ಬರಬೇಕಾಗಿದ್ದ ಪುಟಕ್ಕೇ ಸಿಗಿಸೋದು. ಯಾರು ಹೇಳಿದ್ದು ಅಂದ್ರೆ ಹೆಸರಲ್ಲ, 'ಬಾವಿ ಹತ್ರ ಅಜ್ಜಿ', 'ಮೂರನೇ ಕ್ಲಾಸಿನ ಹುಡುಗ', 'ಮಡಕೆಯವನು' ಹೀಗೆ. ಒಂದು ಚೀಟಿ ಹೇಳ್ತೀನಿ ಕೇಳಿ. 'ಸೋನೆ, ಬಿಡದೆ ಹಿಡಿಯುವ ಸಣ್ಣ ಮಳೆ, ಇಲ್ಲ' ಅಂತ ಬರೆದು ಸಿಗಿಸಿದ್ದಾರೆ, ಆಮೇಲೆ ಬೇರೆ ಇಂಕಲ್ಲಿ, ಕೈ ಸ್ವಲ್ಪ ನಡುಗ್ತಿರೋ ಅಕ್ಷರ, ಅಂದ್ರೆ ವರ್ಷಗಳು ಆದ್ಮೇಲೆ, 'ಇದೆ. ನಾನು ಹ್ರಸ್ವದಲ್ಲಿ ಹುಡುಕಿ ಮಾವಿನಕಾಯಿ ಸೊನೆ ನೋಡಿ ಮುಚ್ಚಿಬಿಟ್ಟಿದ್ದೆ. ತಪ್ಪು ನನ್ನದು' ಅಂತ. ಇಂಥ 'ಇದೆ' ಅಂತ ತಿದ್ದಿದ ಚೀಟಿ 11 ಇವೆ. ಉಳಿದ 52ರಲ್ಲಿ ಎಷ್ಟು ನಿಜವಾಗ್ಲೂ ಕಿಟ್ಟೆಲಲ್ಲಿ ಇಲ್ಲ ಅಂತ ನಾನು ಪೂರ್ತಿ ಚೆಕ್ ಮಾಡಿಲ್ಲ, ತಗೊಂಡೋರಿಗೆ ಬಿಟ್ಟಿದ್ದು.

ಚೀಟಿ ಯಾವ ಪುಟದಲ್ಲಿ ಸಿಕ್ತೋ ಆ ಪುಟ ನಂಬರನ್ನ ತೆಳು ಪೆನ್ಸಿಲಲ್ಲಿ ಹಿಂದೆ ಬರೆದು ಒಂದು ಕವರಿಗೆ ಹಾಕಿದೀನಿ, ಯಾಕಂದ್ರೆ ಒಳಗೇ ಇಟ್ರೆ ಬೆನ್ನು ಉಬ್ಬುತ್ತೆ, ಕೆಲವು ಚೀಟಿ ಪುಟದ ಮೇಲೆ ಕಂದು ಚೌಕದ ನೆರಳು ಬಿಟ್ಟಿದೆ ಆಗ್ಲೇ. ಇವಲ್ದೆ ಒಳಗೆ ಸಿಕ್ಕಿದ್ದು: ಮೇಷ್ಟ್ರ ಸ್ನೇಹಿತರು 1957ರಲ್ಲಿ ಬರೆದ ಒಂದು ಪೋಸ್ಟ್ ಕಾರ್ಡ್ ('ನಮ್ಮ ಕಡೆ ತೆವರಿ ಅಂತೀವಿ, ನಿನ್ನ ದಪ್ಪ ಪುಸ್ತಕದಲ್ಲಿ ಹೇಗಿದೆ ನೋಡಿ ತಿಳಿಸು'), ಒಂದು ಬಸ್ ಟಿಕೆಟ್, ಒಣಗಿ ಬಲೆಯಾಗಿರೋ ಅರಳಿ ಎಲೆ, ಅರ್ಧ ಬ್ಲೇಡು. ಬ್ಲೇಡು ತುಕ್ಕು ಹಿಡಿದು ಪುಟಕ್ಕೆ ಗುರುತು ಬಿಟ್ಟಿತ್ತು, ಅದನ್ನ ಎಸೆದೆ, ಗುರುತು ಹಾಗೇ ಇದೆ. ಒಂದು ಮನೆ ಕಾಗದಾನೂ ಇತ್ತು, ಅದನ್ನ ಮಗಳಿಗೆ ವಾಪಸ್ ಕೊಟ್ಟೆ, ಅದು ಇದರ ಜೊತೆ ಬರಲ್ಲ.

ಚೀಟಿ ಮಾತ್ರ ಕೊಡ್ತೀರಾ, ಪುಸ್ತಕ ಮಾತ್ರ ಕೊಡ್ತೀರಾ ಅಂತ ಆಗ್ಲೇ ಇಬ್ಬರು ಕೇಳಿದ್ರು. ಇಲ್ಲ. ಎರಡೂ ಒಟ್ಟಿಗೆ, ಬಿಡಿಸಿ ಕೊಡಲ್ಲ. ಬರೀ ಪದದ ಅರ್ಥ ಬೇಕಾಗಿದ್ರೆ ನೆಟ್ಟಲ್ಲಿ ಸ್ಕ್ಯಾನ್ ಫ್ರೀ ಆಗಿ ಸಿಗುತ್ತೆ, ಅದಕ್ಕೆ ಇಷ್ಟು ಭಾರ ಹೊರೋ ಅಗತ್ಯ ಇಲ್ಲ.

ರೇಟ್ ಇಲ್ಲಿ ಹಾಕಿಲ್ಲ, ಮೆಸೇಜ್ ಮಾಡಿ ಹೇಳ್ತೀನಿ, ಆದ್ರೆ ಮೊದಲು 22 ಫೋಟೋನೂ ನೋಡಿ, ಕಾಣೆಯಾದ ಹಾಳೆ ವಿಷ್ಯ ಓದಿದೀನಿ ಅಂತ ಒಂದು ಮಾತು ಬರೀರಿ, ಆಮೇಲೆ ಗೊತ್ತಿರ್ಲಿಲ್ಲ ಅನ್ನೋದು ಬೇಡ. ಯಾವ್ದಾದ್ರೂ ಪುಟ ನೋಡ್ಬೇಕು ಅಂದ್ರೆ ವಿಡಿಯೋ ಕಾಲಲ್ಲಿ ತಿರುಗಿಸಿ ತೋರಿಸ್ತೀನಿ, ಸಂಜೆ ಆದ್ಮೇಲೆ. ಕೈಗೆ ಬಂದ್ಮೇಲೆ ನಾನು ಹೇಳದೇ ಇದ್ದ ಡ್ಯಾಮೇಜ್ ಏನಾದ್ರೂ ಕಂಡ್ರೆ ಏಳು ದಿನದೊಳಗೆ ವಾಪಸ್ ತಗೋತೀನಿ, ಚೀಟಿ 63 ಎಣಿಸಿ. ಪ್ಯಾಕಿಂಗ್ ಎರಡು ಡಬ್ಬ, ಮಧ್ಯ ಥರ್ಮಾಕೋಲ್, ಪುಸ್ತಕಕ್ಕೆ ಹತ್ತಿ ಬಟ್ಟೆ ಸುತ್ತಿ, ಚೀಟಿ ಕವರ್ ಎರಡು ರಟ್ಟಿನ ಮಧ್ಯೆ ಬೇರೆ. ನಾಲ್ಕು ಕೆಜಿ ಹತ್ತಿರ ತೂಗುತ್ತೆ. ಮಳೆ ಜೋರಾಗಿದ್ರೆ ಎರಡು ದಿನ ತಡ ಮಾಡಿ ಕಳಿಸ್ತೀನಿ, ಬರೀ ಸೋನೆ ಆದ್ರೂ ಅಷ್ಟೇ.