ಸೆಪ್ಸಿಸ್: ಗುರುತಿಸುವುದು ಮತ್ತು ಮೊದಲ ಒಂದು ಗಂಟೆ
ವಯಸ್ಕರ ಮೆಡಿಸಿನ್ ವಾರ್ಡ್, ನರ್ಸ್ ಕಾರ್ಡ್ (ಮಕ್ಕಳು, ಗರ್ಭಿಣಿ, ಬಾಣಂತಿಯರಿಗೆ ಅಲ್ಲ)

ಸೋಂಕಿನ ಅನುಮಾನವಿದೆಯೇ?
ಕೆಮ್ಮು-ಕಫ, ಉರಿಮೂತ್ರ, ಹೊಟ್ಟೆನೋವು, ಕಾಲಿನ ಹುಣ್ಣು, ಹಳೆಯ ಕ್ಯಾನುಲಾ, ಕ್ಯಾಥೆಟರ್. ಕಂಕುಳು, ತೊಡೆಸಂದು, ಸ್ತನದ ಕೆಳಗೂ ನೋಡಿ. ಅಲ್ಲಿ ಕಪ್ಪು ಹಕ್ಕಳೆ ಕಂಡರೆ ಸ್ಕ್ರಬ್ ಟೈಫಸ್ ಇರಬಹುದು. ಅದಕ್ಕೆ ಸೆಫ್ಟ್ರಿಯಾಕ್ಸೋನ್ ಒಂದೇ ಸಾಲದು, ವೈದ್ಯರಿಗೆ ತಿಳಿಸಿ.

ಜೊತೆಗೆ ಇವುಗಳಲ್ಲಿ ಒಂದಿದ್ದರೂ ತಕ್ಷಣ ಕರೆಯಿರಿ
- ಉಸಿರು ನಿಮಿಷಕ್ಕೆ 25 ಅಥವಾ ಹೆಚ್ಚು
- ಮೇಲಿನ ಬಿ.ಪಿ. 90 ಅಥವಾ ಕಡಿಮೆ, ಇಲ್ಲವೇ ಎಂದಿನದಕ್ಕಿಂತ 40 ಇಳಿದಿದೆ
- ನಾಡಿ 130 ದಾಟಿದೆ
- ಸ್ಯಾಚುರೇಷನ್ 91 ಅಥವಾ ಕಡಿಮೆ
- ಹೊಸದಾಗಿ ಗೊಂದಲ, ತೊದಲು, ಎಬ್ಬಿಸಿದರೂ ಮಂಪರು
- ಮೂತ್ರ ಗಂಟೆಗೆ ಕೆ.ಜಿ.ಗೆ 0.5 ಮಿ.ಲೀ.ಗಿಂತ ಕಡಿಮೆ
- ಚರ್ಮ ತಣ್ಣಗೆ, ಮಂಡಿಯ ಮೇಲೆ ನೀಲಿ-ಕೆಂಪು ಮಚ್ಚೆ

ಉಸಿರನ್ನು ಪೂರ್ತಿ ಒಂದು ನಿಮಿಷ ಎದೆ ನೋಡಿಯೇ ಎಣಿಸಿ. ಅಂದಾಜಿನ 20 ಬರೆದ ಚಾರ್ಟ್ ರೋಗಿಗೆ ಮಾಡುವ ಅನ್ಯಾಯ. ಜ್ವರವಿಲ್ಲವೆಂದು ನೆಮ್ಮದಿಯಾಗಬೇಡಿ: ವೃದ್ಧರಲ್ಲಿ ಮೈ ತಣ್ಣಗೇ ಇರಬಹುದು. ಮೆಟೊಪ್ರೊಲಾಲ್ ತೆಗೆದುಕೊಳ್ಳುವವರ ನಾಡಿ ಏರದೆಯೂ ಇರಬಹುದು. "ಅಮ್ಮ ಯಾಕೋ ಸರಿಯಿಲ್ಲ" ಎಂದು ಮನೆಯವರು ಹೇಳಿದರೆ ಮತ್ತೊಮ್ಮೆ ಪರೀಕ್ಷಿಸಿ.

ಕರೆಯುವುದು ಹೀಗೆ
"ಸರ್, ಆರನೇ ಹಾಸಿಗೆ. 62 ವರ್ಷ, ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು. ಉಸಿರು 28, ಬಿ.ಪಿ. 86/50. ಬೆಳಿಗ್ಗೆ ಮಾತನಾಡುತ್ತಿದ್ದರು, ಈಗ ಮಗಳ ಗುರುತು ಸಿಗುತ್ತಿಲ್ಲ. ಸೆಪ್ಸಿಸ್ ಅನುಮಾನ, ಈಗಲೇ ಬನ್ನಿ."
ಹತ್ತು ನಿಮಿಷದಲ್ಲಿ ಬಾರದಿದ್ದರೆ ಹಿರಿಯ ವೈದ್ಯರಿಗೆ ಕರೆ ಮಾಡಿ. ಅನುಮಾನ ಬಂದ ಸಮಯವನ್ನು ಕೇಸ್‌ಶೀಟಿನಲ್ಲಿ ಬರೆಯಿರಿ, ಗಂಟೆ ಅಲ್ಲಿಂದ ಶುರು.

ವೈದ್ಯರು ಬರುವ ಹೊತ್ತಿಗೆ
ಆಮ್ಲಜನಕ: ಗುರಿ 94–98. ಹಳೆಯ ಶ್ವಾಸಕೋಶ ಕಾಯಿಲೆಯವರಿಗೆ 88–92. ದಪ್ಪ ಕ್ಯಾನುಲಾ ಎರಡು. ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡಿ, ಗೊಂದಲಕ್ಕೆ ಅದೇ ಕಾರಣವಿರಬಹುದು.

ಆದೇಶದಂತೆ, ಗಂಟೆಯೊಳಗೆ
ಬ್ಲಡ್ ಕಲ್ಚರ್ ಎರಡು ಸೆಟ್, ಬೇರೆ ಬೇರೆ ಜಾಗದಿಂದ, ಆಂಟಿಬಯಾಟಿಕ್‌ಗೆ ಮೊದಲು. ಲ್ಯಾಕ್ಟೇಟ್ ಕಳುಹಿಸಿ, 2 ಮೀರಿದರೆ ಮತ್ತೆ ನೋಡಬೇಕು. ರಕ್ತ ಸಿಗಲಿಲ್ಲವೆಂದು ಔಷಧಿ ತಡೆಹಿಡಿಯಬೇಡಿ. ಅಲರ್ಜಿ ಕೇಳಿ, ಮೊದಲ ಡೋಸ್ ನೀವೇ ಕೊಡಿ. ಫಾರ್ಮಸಿಯಿಂದ ಬರಲಿ ಎಂದು ಕಾಯದೆ ತುರ್ತು ಟ್ರೇಯಿಂದ ತೆಗೆಯಿರಿ.

ಬಿ.ಪಿ. ಇಳಿದಿದ್ದರೆ ಅಥವಾ ಲ್ಯಾಕ್ಟೇಟ್ 4 ಮುಟ್ಟಿದರೆ ರಿಂಗರ್ ಲ್ಯಾಕ್ಟೇಟ್, ಕೆ.ಜಿ.ಗೆ 30 ಮಿ.ಲೀ., ಮೂರು ಗಂಟೆಯೊಳಗೆ: 50 ಕೆ.ಜಿ.ಯವರಿಗೆ 1500 ಮಿ.ಲೀ. ಒಮ್ಮೆಗೆ 500 ಹಾಕಿ. ಪ್ರತಿ ಬಾಟಲಿಯ ನಂತರ ಉಸಿರು, ಸ್ಯಾಚುರೇಷನ್, ಎದೆಯ ಸದ್ದು ನೋಡಿ. ಹೃದಯ ಅಥವಾ ಕಿಡ್ನಿ ಕಾಯಿಲೆ, ಡೆಂಗ್ಯೂ ಅನುಮಾನವಿದ್ದರೆ ಪ್ರಮಾಣವನ್ನು ವೈದ್ಯರೇ ಹೇಳಬೇಕು, ಮೊದಲೇ ಕೇಳಿ.

ಸರಾಸರಿ ಬಿ.ಪಿ. 65 ಮುಟ್ಟದಿದ್ದರೆ ನಾರ್‌ಅಡ್ರಿನಲಿನ್. ಸೆಂಟ್ರಲ್ ಲೈನ್‌ಗೆ ಕಾಯಬೇಕಿಲ್ಲ, ಮೊಣಕೈ ಬಳಿಯ ಒಳ್ಳೆಯ ರಕ್ತನಾಳದಲ್ಲಿ ಆರಂಭಿಸಬಹುದು. ಚರ್ಮ ಬಿಳಿಚಿಕೊಂಡರೆ, ಊದಿದರೆ ತಕ್ಷಣ ತಿಳಿಸಿ. ಐಸಿಯುಗೆ ಆಗಲೇ ಹೇಳಿಡಿ.

ಮುಂದೆ
ಸ್ಥಿರವಾಗುವವರೆಗೆ 15 ನಿಮಿಷಕ್ಕೊಮ್ಮೆ ಎಲ್ಲವನ್ನೂ ನೋಡಿ, ಮೂತ್ರವನ್ನು ಗಂಟೆಗೊಮ್ಮೆ ಅಳೆಯಿರಿ. ಪಾಳಿ ಬದಲಾಗುವಾಗ ಹಾಸಿಗೆಯ ಪಕ್ಕದಲ್ಲೇ ನಿಂತು ಮುಂದಿನವರಿಗೆ ಒಪ್ಪಿಸಿ: ಅನುಮಾನ ಬಂದ ಸಮಯ, ಮೊದಲ ಡೋಸ್‌ನ ಸಮಯ, ಎಷ್ಟು ಡ್ರಿಪ್ ಹೋಗಿದೆ, ಯಾವ ವರದಿ ಬರಬೇಕಿದೆ.