ಕಾಂಡ್ಲಾ ಕಾಡು ಕಡಿದ ಮೇಲೆ: ಕೇಂದ್ರಪಾಡದ ಕಥೆ

1999ರ ಅಕ್ಟೋಬರ್ 29ರಂದು ಒಡಿಶಾಗೆ ಮಹಾ ಚಂಡಮಾರುತ ಬಡಿಯಿತು. ಸುಮಾರು 10,000 ಜನ ಸತ್ತರು. ಅಲ್ಲಿನ ಕರಾವಳಿಯ ಕೇಂದ್ರಪಾಡ ಜಿಲ್ಲೆಯಲ್ಲಿ, ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಕಾಡು ಜಾಸ್ತಿ ಉಳಿದಿದ್ದರೆ ಇನ್ನಷ್ಟು ಜೀವ ಉಳಿಯುತ್ತಿತ್ತು ಎಂಬುದು ನನ್ನ ವಾದ.

ಮೊದಲ ಸಾಕ್ಷಿ ನಕ್ಷೆಗಳದ್ದು. 1944ರಲ್ಲಿ ಅಲ್ಲಿ ಸುಮಾರು 30,000 ಹೆಕ್ಟೇರ್ ಕಾಂಡ್ಲಾ ಇತ್ತು. 1999ರ ಹೊತ್ತಿಗೆ 18,000ದಷ್ಟು ಮಾತ್ರ.

ಆದರೆ ಕಾಡು ಕಮ್ಮಿಯಾಯಿತು ಅಂದಮಾತ್ರಕ್ಕೆ ಸಾವಿಗೆ ಅದೇ ಕಾರಣ ಅನ್ನಲಾಗದು, ಅಲ್ವಾ? ಇಲ್ಲಿ ಅಂಕಿಅಂಶ ಬೇಕು. ಸಂಶೋಧಕರಾದ ಸೌದಾಮಿನಿ ದಾಸ್ ಮತ್ತು ಜೆಫ್ರಿ ವಿನ್ಸೆಂಟ್ 409 ಹಳ್ಳಿಗಳನ್ನು ಹೋಲಿಸಿದರು. ಸಮುದ್ರದಿಂದ ದೂರ, ನೆಲದ ಎತ್ತರ ಇಂಥವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಆಗಲೂ, ಸಮುದ್ರದ ಕಡೆ ಅಗಲವಾದ ಕಾಂಡ್ಲಾ ಇದ್ದ ಹಳ್ಳಿಗಳಲ್ಲಿ ಸಾವು ಕಮ್ಮಿ. ಇದು 2009ರಲ್ಲಿ ಪ್ರಕಟವಾಯಿತು. ನನಗೆ ಇದೇ ಗಟ್ಟಿ ಸಾಕ್ಷಿ.

ಮುನ್ನೆಚ್ಚರಿಕೆ ಇನ್ನೂ ಹೆಚ್ಚು ಜೀವ ಉಳಿಸಿತು ಎಂದು ಅವರೇ ಹೇಳುತ್ತಾರೆ. ಒಪ್ಪೋಣ. ಎರಡೂ ಬೇಕು.

ಕಾಡು ಹೇಗೆ ತಡೆಯುತ್ತದೆ? ನಮ್ಮ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತು ನಿಂತು ನೋಡಿ. ಕಾಂಡದಿಂದ ಬಿಲ್ಲಿನಂತೆ ಬಾಗಿ ಕೆಸರಿಗಿಳಿದ ಬೇರುಗಳು, ನಡುವೆ ಸಿಕ್ಕಿಕೊಂಡ ಹೂಳು. ಒಳಗೆ ನುಗ್ಗುವ ನೀರು ಪ್ರತಿ ಬೇರಿಗೂ ತಾಗಿ ವೇಗ ಕಳೆದುಕೊಳ್ಳುತ್ತದೆ.