ಮತ್ತೆ ಸ್ವಾಗತ ವೀಣಾ, ಸೊನ್ನೆಗಳೆಲ್ಲ ಜೋಪಾನವಾಗಿವೆ

ವೀಣಾ, ಬನ್ನಿ ಬನ್ನಿ, ಮತ್ತೆ ಸ್ವಾಗತ!

ಹೆರಿಗೆ ರಜೆ ಮುಗಿಸಿ ಸೋಮವಾರದಿಂದ ಕೆಲಸಕ್ಕೆ ಬರುತ್ತಿದ್ದೀರಿ ಅನ್ನೋ ನಿಮ್ಮ ಪೋಸ್ಟ್ ನೋಡಿ ನಮ್ಮ ಸಾಲಿನಲ್ಲಿ ಎಲ್ಲರ ಮುಖವೂ ಅರಳಿತು. ಒಳ್ಳೇದಾಗಲಿ ಅಂತ ಎರಡು ಮಾತು ಬರೆದು ಹೋಗೋಣ ಅಂದುಕೊಂಡು ಬಂದೆ. ಆದರೆ "ಏಳು ತಿಂಗಳಾಯ್ತು, ಕೆಲಸವೇ ಮರೆತುಹೋಗಿದೆಯೇನೋ ಅನ್ನಿಸ್ತಿದೆ" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಸುಮ್ನೆ ಹೋಗಲು ಆಗಲಿಲ್ಲ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ. ಒಂದೇ ಸಲಕ್ಕೆ ಹಿಡಿಸದಿದ್ದರೆ ತುಂಡು ಮಾಡಿ ಹಾಕುತ್ತೇನೆ.

ನೀವು ಮರೆತಿದ್ದೀರೋ ಇಲ್ಲವೋ ಗೊತ್ತಿಲ್ಲ. ನಾವಂತೂ ನಿಮ್ಮ ಕೆಲಸ ಏನು ಅಂತ ಈ ಏಳು ತಿಂಗಳಲ್ಲಿ ಚೆನ್ನಾಗಿ ಕಲಿತೆವು. ಅದೂ ಪೆಟ್ಟು ತಿಂದು.

ನೀವು ಹೋದ ಮೊದಲ ತಿಂಗಳ ಕೊನೆ. ಪೂರೈಕೆದಾರರ ಬಾಕಿ ತಾಳೆ ನೋಡಬೇಕು. ಸಿಸ್ಟಂನಿಂದ ಸಿಎಸ್‌ವಿ ಫೈಲ್ ಇಳಿಸಿದೆ, ಡಬಲ್ ಕ್ಲಿಕ್ ಮಾಡಿದೆ, ಎಕ್ಸೆಲ್‌ನಲ್ಲಿ ತೆರೆಯಿತು. ಅದೇನು ಮಹಾ ವಿದ್ಯೆ ಅಂದುಕೊಂಡೆ. ಫಾರ್ಮುಲಾ ಹಾಕಿ ನೋಡಿದರೆ ಅರ್ಧಕ್ಕರ್ಧ ಹೆಸರುಗಳ ಮುಂದೆ #N/A. ಸಂಜೆ ನಾಲ್ಕರಿಂದ ರಾತ್ರಿ ಎಂಟೂವರೆವರೆಗೆ ತಲೆ ಕೆರೆದುಕೊಂಡೆ. ಸಿಸ್ಟಂ ಸರಿಯಿಲ್ಲ ಅಂತ ಐಟಿಯವರ ಹತ್ತಿರ ಜಗಳವನ್ನೂ ಮಾಡಿಬಂದೆ. (ಆಮೇಲೆ ಕ್ಷಮೆ ಕೇಳಿದೆ, ಅದು ಬೇರೆ ಕಥೆ.)

ಕೊನೆಗೆ ನೀವು ಬಿಟ್ಟುಹೋಗಿದ್ದ ಹನ್ನೊಂದು ಪುಟದ ಟಿಪ್ಪಣಿ ತೆರೆದೆ. ನಾಲ್ಕನೇ ಪುಟದಲ್ಲಿ, ದಪ್ಪ ಅಕ್ಷರದಲ್ಲಿ, ಎರಡೇ ಸಾಲು: "ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡಬೇಡಿ. ಅದು ಸೊನ್ನೆ ತಿನ್ನುತ್ತದೆ."

ಅಷ್ಟೇ ವಿಷಯ. ನಮ್ಮ ಪೂರೈಕೆದಾರರ ಎಷ್ಟೋ ಕೋಡ್‌ಗಳು ಸೊನ್ನೆಯಿಂದ ಶುರುವಾಗುತ್ತವೆ. ಎಕ್ಸೆಲ್ ಅದನ್ನು ಸಂಖ್ಯೆ ಅಂತ ಓದಿಕೊಂಡು 00417 ಇದ್ದದ್ದನ್ನು 417 ಮಾಡಿ ಕೂರುತ್ತದೆ. ಆಮೇಲೆ ಎಷ್ಟು ಹುಡುಕಿದರೂ ಎರಡೂ ಹೊಂದಲ್ಲ. ಫೈಲನ್ನು ಇಂಪೋರ್ಟ್ ಮಾಡಿ ಆ ಕಾಲಂ ಟೆಕ್ಸ್ಟ್ ಅಂತ ಹೇಳಬೇಕು. ಇದನ್ನು ನೀವು ತಿಂಗಳು ತಿಂಗಳೂ ಯಾರಿಗೂ ಹೇಳದೆ ಮಾಡುತ್ತಿದ್ದಿರಿ. ನಾಲ್ಕು ವರ್ಷ ಪಕ್ಕದ ಟೇಬಲ್ಲಿನಲ್ಲೇ ಕೂತಿದ್ದರೂ ನನಗೆ ಗೊತ್ತಿರಲಿಲ್ಲ. ಕೆಲಸ ಸರಿಯಾಗಿ ನಡೆಯುತ್ತಿದ್ದರೆ ಯಾರ ಕಣ್ಣಿಗೂ ಬೀಳಲ್ಲ, ಅಲ್ವಾ? ಈಗ ನಮ್ಮ ತಂಡದಲ್ಲಿ ಯಾರಾದರೂ ಅವಸರ ಮಾಡಿದರೆ "ಸೊನ್ನೆ ತಿನ್ನುತ್ತೆ ನೋಡು" ಅನ್ನೋದೇ ಗಾದೆಯಾಗಿದೆ. ಹೊಸದಾಗಿ ಸೇರಿದ ಹುಡುಗ ನಿಮ್ಮನ್ನು ಒಂದು ಸಲವೂ ನೋಡಿಲ್ಲ. ನಿಮ್ಮ ಪೋಸ್ಟ್ ತೋರಿಸಿದರೆ, "ಟಿಪ್ಪಣಿ ಬರೆದ ವೀಣಾ ಮೇಡಂ ಇವರೇನಾ?" ಅಂತ ಎದ್ದು ನಿಂತ. ಗೌರವ ಜಾಸ್ತಿಯೇ ಇದೆ, ನಿಧಾನಕ್ಕೆ ಇಳಿಸಿಕೊಳ್ಳಿ.

ಇನ್ನು ನಿಮ್ಮ ಆ ಭಯದ ಮಾತು. ನನಗೂ ಅದು ಗೊತ್ತು. ಮೂರು ವರ್ಷದ ಹಿಂದೆ ಬೆನ್ನಿನ ಆಪರೇಷನ್ ಆಗಿ ನಾಲ್ಕು ತಿಂಗಳು ಮನೆಯಲ್ಲಿದ್ದೆನಲ್ಲ. ವಾಪಸ್ ಬಂದ ದಿನ ಒಬ್ಬರು "ಒಳ್ಳೆ ರೆಸ್ಟ್ ಆಯ್ತಲ್ಲ?" ಅಂದರು. ಇನ್ನೊಬ್ಬರು ಹತ್ತು ಗಂಟೆಗೆಲ್ಲ ಮೂವತ್ತು ಮೇಲ್ ಫಾರ್ವರ್ಡ್ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ನನಗೆ ಮನೆಗೇ ಹೋಗಿಬಿಡೋಣ ಅನ್ನಿಸಿತ್ತು. ಆಗ ನೀವು ಅರ್ಧ ಹಾಳೆಯಲ್ಲಿ ಏನೋ ಗೀಚಿ ನನ್ನ ಕೀಬೋರ್ಡ್ ಕೆಳಗೆ ಸಿಕ್ಕಿಸಿ ಹೋದಿರಿ. "ಬದಲಾಗಿದ್ದು ಮೂರೇ. ಉಳಿದದ್ದೆಲ್ಲ ಹಾಗೇ ಇದೆ" ಅಂತ ಮೇಲೆ ಬರೆದಿತ್ತು. ಅದರ ಕೆಳಗೆ ಆ ಮೂರು. ಆ ಹಾಳೆ ಇನ್ನೂ ನನ್ನ ಡ್ರಾಯರ್‌ನಲ್ಲಿದೆ.

ಹಾಗಾಗಿ ಈಗ ನನ್ನ ಸರದಿ.

ಬದಲಾಗಿದ್ದು ಮೂರೇ. ತಿಂಗಳ ಕೊನೆಯ ಮೀಟಿಂಗ್ ಸೋಮವಾರದಿಂದ ಗುರುವಾರಕ್ಕೆ ಹೋಗಿದೆ. ಅದಕ್ಕೆ ನೀವು ಬರುವ ಸೋಮವಾರ ಖಾಲಿ, ಗಾಬರಿಯಾಗಬೇಡಿ. ಬಿಲ್ ಮಂಜೂರಾತಿಗೆ ಈಗ ಒಬ್ಬರ ಬದಲು ಇಬ್ಬರು ಒಪ್ಪಿಗೆ ಕೊಡಬೇಕು. ಎರಡನೆಯವರು ಯಾರು ಅನ್ನೋದು ಸ್ಕ್ರೀನ್ ಮೇಲೇ ಬರುತ್ತೆ. ಮೂರನೆಯದು, ಆಡಿಟ್‌ನವರು ಈಗ ಎಲ್ಲವನ್ನೂ ಸಾಫ್ಟ್ ಕಾಪಿಯಲ್ಲೇ ಕೇಳುತ್ತಾರೆ. ನೀವು ಪ್ರೀತಿಯಿಂದ ಟ್ಯಾಗ್ ಹಾಕಿ ಜೋಡಿಸಿದ್ದ ಆ ಹಸಿರು ಫೈಲುಗಳು ಕಪಾಟಿನೊಳಗೆ ನಿವೃತ್ತಿಯಲ್ಲಿವೆ. ಉಳಿದದ್ದೆಲ್ಲ ಹಾಗೇ ಇದೆ. ಪ್ರಿಂಟರ್ ಕೂಡ ಹಾಗೇ, ಎರಡನೇ ಹಾಳೆ ಈಗಲೂ ಸಿಕ್ಕಿಹಾಕಿಕೊಳ್ಳುತ್ತೆ.

ಏಳು ತಿಂಗಳ ಮೇಲ್ ಒಂದೊಂದೇ ಓದಲು ಕೂರಬೇಡಿ. ನಿಮ್ಮ ಅಭಿಪ್ರಾಯ ನಿಜವಾಗಿ ಬೇಕಾಗಿರುವ ಹನ್ನೆರಡು ಮೇಲ್ ಬೇರೆ ಫೋಲ್ಡರ್‌ಗೆ ಹಾಕಿ ಕಳಿಸುತ್ತೇನೆ. ಉಳಿದ ವಿಷಯಗಳೆಲ್ಲ ಮುಗಿದುಹೋಗಿವೆ. ಕೆಲವು ಚೆನ್ನಾಗಿ ಮುಗಿದಿವೆ, ಕೆಲವು ಸುಮಾರಾಗಿ. ಮೊದಲ ಎರಡು ವಾರ ಬಾಕಿ ತಾಳೆಯ ಕೆಲಸ ನನ್ನ ಹತ್ತಿರವೇ ಇರಲಿ. ಪಕ್ಕದಲ್ಲಿ ಕೂತು ನೋಡಿ. ಮೂರನೇ ವಾರ ನಿಮಗೆ ಬೇಕು ಅನ್ನಿಸಿದರೆ ತಗೊಳ್ಳಿ. ನಿಮ್ಮ ಕೆಲಸ ಕಿತ್ತುಕೊಳ್ಳೋ ಆಸೆ ನನಗೆ ಖಂಡಿತ ಇಲ್ಲ. ಆ ರಾತ್ರಿ ಎಂಟೂವರೆ ನೆನೆಸಿಕೊಂಡರೆ ಸಾಕು.

ಇನ್ನೊಂದು ಮಾತು. ಇದನ್ನು ಇಲ್ಲೇ ಎಲ್ಲರ ಎದುರು ಹೇಳುತ್ತೇನೆ, ಓದುವ ಇತರರಿಗೂ ಕೇಳಲಿ. ನಡುವೆ ಅರ್ಧ ಗಂಟೆ ಎದ್ದು ಹೋಗಬೇಕಾದರೆ ಹೋಗಿ. "ಸಾರಿ, ಒಂದು ನಿಮಿಷ" ಅನ್ನೋದು ಬೇಡ, ಕಾರಣ ಹೇಳೋದೂ ಬೇಡ. ತಾಯ್ತನದ ರಕ್ಷಣೆಗೆ ಅಂತಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ನೇ ಇಸವಿಯ 183ನೇ ಒಪ್ಪಂದ ಇದೆ. ಹಾಲೂಡಿಸುವ ಬಿಡುವನ್ನು ಕೆಲಸದ ಸಮಯ ಅಂತಲೇ ಎಣಿಸಬೇಕು, ಅದಕ್ಕೆ ಸಂಬಳವೂ ಕೊಡಬೇಕು ಅಂತ ಅದರಲ್ಲಿ ಬರೆದಿದೆ. ರಜೆ ಮುಗಿಸಿ ಬಂದವರಿಗೆ ಅದೇ ಹುದ್ದೆ, ಇಲ್ಲವೇ ಅಷ್ಟೇ ಸಂಬಳದ ಸರಿಸಮ ಹುದ್ದೆ ಕೊಡಬೇಕು ಅಂತಲೂ ಇದೆ. ನಾವು ಯಾರೂ ನಿಮಗೆ ಉಪಕಾರ ಮಾಡುತ್ತಿಲ್ಲ. ನಿಮ್ಮ ಕ್ಯಾಲೆಂಡರ್‌ನಲ್ಲಿ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಹೊತ್ತನ್ನು ನೀವೇ ಬ್ಲಾಕ್ ಮಾಡಿಕೊಳ್ಳಿ. ಅದರ ಮೇಲೆ ಮೀಟಿಂಗ್ ಹಾಕುವವರನ್ನು ನಾನು ನೋಡಿಕೊಳ್ಳುತ್ತೇನೆ.

ಪಾಪುವಿನ ಬಗ್ಗೆ ಇಲ್ಲಿ ಏನೂ ಕೇಳಲ್ಲ. ಫೋಟೋ ಇದ್ದರೆ ನಿಮ್ಮ ಫೋನಿನಲ್ಲೇ ತೋರಿಸಿ, ಅದೂ ಮನಸ್ಸಿದ್ದರೆ. ಬೆಳಿಗ್ಗೆ ಬಿಟ್ಟು ಬರುವಾಗ ಕಣ್ಣು ತುಂಬಿತು ಅಂದರೂ ಪರವಾಗಿಲ್ಲ. ಆ ದಿನ ನಿಮ್ಮ ಹತ್ತಿರ ಲೆಕ್ಕದ ಮಾತು ಯಾರೂ ಎತ್ತಲ್ಲ.

ಸೋಮವಾರ ಬಂದಾಗ ಪಾಸ್‌ವರ್ಡ್ ಅವಧಿ ಮುಗಿದಿದೆ ಅಂತ ಬರುತ್ತೆ. ಐಟಿಯವರಿಗೆ ಆಗಲೇ ರಿಕ್ವೆಸ್ಟ್ ಹಾಕಿದ್ದೇನೆ, ಒಂಬತ್ತೂವರೆಗೆ ಒಬ್ಬರು ನಿಮ್ಮ ಟೇಬಲ್ ಹತ್ತಿರ ಬರುತ್ತಾರೆ. ನಾನು ಜಗಳ ಆಡಿದ್ದು ಅವರ ಹತ್ತಿರವೇ, ಹಾಗಾಗಿ ನೀವೇ ಮಾತಾಡಿದರೆ ಒಳ್ಳೇದು. ಮತ್ತೆ, ಏಳು ತಿಂಗಳು ನಿಮ್ಮ ಕುರ್ಚಿಯಲ್ಲಿ ಕೂತವನು ನಾನೇ, ನನ್ನ ಬೆನ್ನಿಗೆ ಅದೇ ಸರಿಹೋಗಿತ್ತು. ಇವತ್ತು ಅದರ ಎತ್ತರವನ್ನು ಮೊದಲಿನಷ್ಟಕ್ಕೇ ಇಳಿಸಿ ನಿಮ್ಮ ಟೇಬಲ್ಲಿಗೆ ತಳ್ಳಿ ಬಂದಿದ್ದೇನೆ. ಕೀಬೋರ್ಡ್ ಕೆಳಗೆ ಅರ್ಧ ಹಾಳೆ ಇದೆ.